ಆಸ್ತಿ ಮಾರಿದ ಲಾಭದ ಲೆಕ್ಕ: ಮೊದಲ ಸಾಲಿನಲ್ಲೇ ತಪ್ಪಬಹುದು

ಮನೆ ಮಾರಿದವರ ಕೈಗೆ ಆಡಿಟರ್ ಕಚೇರಿಯಿಂದ ಒಂದು ಹಾಳೆ ಬರುತ್ತದೆ. ಮೇಲೆ ಮಾರಾಟದ ಮೊತ್ತ, ಅದರ ಕೆಳಗೆ ಕೊಂಡ ಬೆಲೆ, ಕೊನೆಯಲ್ಲಿ ಕಟ್ಟಬೇಕಾದ ತೆರಿಗೆ. ಬಹಳಷ್ಟು ಜನ ಕೊನೆಯ ಅಂಕಿಯನ್ನಷ್ಟೇ ನೋಡಿ, ಹೆಚ್ಚಾಯಿತೆಂದು ನಿಟ್ಟುಸಿರುಬಿಟ್ಟು ಸಹಿ ಹಾಕುತ್ತಾರೆ. ಆದರೆ ತಪ್ಪು ಇರುವುದು ಸಾಮಾನ್ಯವಾಗಿ ಕೊನೆಯಲ್ಲಲ್ಲ, ಮೊದಲ ಎರಡು ಸಾಲುಗಳಲ್ಲಿ. ಯಾವ ಬೆಲೆಗೆ ಬಂತು, ಯಾವಾಗ ಬಂತು ಎಂಬ ಎರಡು ಪ್ರಶ್ನೆಗೆ ಉತ್ತರ ತಪ್ಪಿದರೆ ಉಳಿದ ಕೂಡು-ಕಳೆ ಎಷ್ಟೇ ಸರಿಯಿದ್ದರೂ ಪ್ರಯೋಜನವಿಲ್ಲ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಹಿಡಿದು ನೋಡೋಣ. ಮೈಸೂರಿನ ಒಬ್ಬ ಮಹಿಳೆಗೆ ತಂದೆ 2024ರ ಜನವರಿಯಲ್ಲಿ ದಾನಪತ್ರದ ಮೂಲಕ ಮನೆ ಕೊಟ್ಟರು ಎಂದುಕೊಳ್ಳಿ. ತಂದೆ ಅದನ್ನು ಕೊಂಡಿದ್ದು 2005ರ ಆಗಸ್ಟ್‌ನಲ್ಲಿ, 12 ಲಕ್ಷ ರೂಪಾಯಿಗೆ. ಸ್ಟಾಂಪ್ ಶುಲ್ಕ, ನೋಂದಣಿಗೆ ಇನ್ನೊಂದು ಲಕ್ಷ. 2012-13ರಲ್ಲಿ 8 ಲಕ್ಷ ಖರ್ಚು ಮಾಡಿ ಮಹಡಿ ಕಟ್ಟಿಸಿದರು. ಮಗಳು 2025ರ ಡಿಸೆಂಬರ್ 10ರಂದು ಮನೆಯನ್ನು 95 ಲಕ್ಷಕ್ಕೆ ಮಾರಿ, ಬ್ರೋಕರ್‌ಗೆ ಒಂದು ಲಕ್ಷ ಕೊಟ್ಟರು. ಲೆಕ್ಕಕ್ಕೆ ಉಳಿದದ್ದು 94 ಲಕ್ಷ.

ಅವರ ಕೈಗೆ ಬಂದ ಹಾಳೆಯಲ್ಲಿ ಆಸ್ತಿ ಬಂದ ದಿನ ಎಂಬಲ್ಲಿ ದಾನಪತ್ರದ ತಾರೀಕು, ಅಸಲು ಎಂಬಲ್ಲಿ ದಾನಪತ್ರದಲ್ಲಿ ಬರೆದಿದ್ದ 70 ಲಕ್ಷದ ಮಾರ್ಗಸೂಚಿ ಬೆಲೆ. ಜನವರಿ 2024ರಿಂದ ಡಿಸೆಂಬರ್ 2025ರವರೆಗೆ ಎಣಿಸಿದರೆ 24 ತಿಂಗಳು ತುಂಬಿಲ್ಲ. ಸ್ಥಿರಾಸ್ತಿ ದೀರ್ಘಾವಧಿ ಎನಿಸಿಕೊಳ್ಳಲು 24 ತಿಂಗಳು ದಾಟಬೇಕು. ಹಾಗಾಗಿ ಹಾಳೆ 24 ಲಕ್ಷವನ್ನು ಅಲ್ಪಾವಧಿ ಲಾಭವೆಂದು ತೋರಿಸಿ, ಅವರ ಬೇರೆ ಆದಾಯಕ್ಕೆ ಸೇರಿಸಿ ಸ್ಲ್ಯಾಬ್ ದರದಲ್ಲಿ ತೆರಿಗೆ ಹಾಕಿತ್ತು. ಹೊಸ ಮನೆ ಕೊಂಡರೂ ವಿನಾಯಿತಿ ಇಲ್ಲ, ಏಕೆಂದರೆ ಆ ವಿನಾಯಿತಿ ದೀರ್ಘಾವಧಿ ಲಾಭಕ್ಕೆ ಮಾತ್ರ.

ಇಲ್ಲಿ ಎರಡೂ ಸಾಲು ತಪ್ಪು. ದಾನವಾಗಿ, ಉಯಿಲಿನಿಂದ ಅಥವಾ ವಾರಸಿನಿಂದ ಬಂದ ಆಸ್ತಿಗೆ ಕಾನೂನು ಹಿಂದಿನ ಮಾಲೀಕರ ಅಸಲನ್ನೇ ಅಸಲೆಂದು ಒಪ್ಪುತ್ತದೆ. ಅವರು ಇಟ್ಟುಕೊಂಡಿದ್ದ ಅವಧಿಯೂ ನಮ್ಮ ಅವಧಿಗೆ ಸೇರುತ್ತದೆ. ತಂದೆ ಹಣ ಕೊಟ್ಟು ಕೊಂಡ 2005ರಿಂದಲೇ ಎಣಿಕೆ. ಅಸಲು 70 ಲಕ್ಷವಲ್ಲ, 13 ಲಕ್ಷ; ಮಹಡಿಯ 8 ಲಕ್ಷವನ್ನು ತಂದೆಯೇ ಖರ್ಚು ಮಾಡಿದ್ದರೂ ಅದೂ ಸೇರುತ್ತದೆ. ಅಸಲು ಇಳಿದದ್ದು ನಷ್ಟದಂತೆ ಕಂಡರೂ ಆಸ್ತಿ ದೀರ್ಘಾವಧಿಯಾಯಿತು ಎಂಬುದೇ ಮುಂದೆ ಇಡೀ ಲೆಕ್ಕವನ್ನು ತಿರುಗಿಸುತ್ತದೆ. ತಂದೆ 2001ಕ್ಕೂ ಮುಂಚೆ ಕೊಂಡಿದ್ದರೆ 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆಯನ್ನು ಅಸಲಾಗಿ ಆರಿಸಿಕೊಳ್ಳಬಹುದಿತ್ತು. ಆದರೆ ಆ ದಿನದ ಮಾರ್ಗಸೂಚಿ ಬೆಲೆ ಲಭ್ಯವಿದ್ದರೆ ಅದನ್ನು ಮೀರುವಂತಿಲ್ಲ.

ಅಸಲಿಗೆ ದಾಖಲೆ ಬೇಕು. 2005ರ ಕ್ರಯಪತ್ರ ಕಳೆದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಮಹಡಿಗೆ ನಕ್ಷೆಯ ಮಂಜೂರಾತಿ, ಮೇಸ್ತ್ರಿಯ ಬಿಲ್ಲು, ಆ ವರ್ಷದ ಬ್ಯಾಂಕ್ ಪಾಸ್‌ಪುಸ್ತಕ ಆಧಾರವಾಗುತ್ತವೆ. ಸುಣ್ಣ-ಬಣ್ಣ, ನಲ್ಲಿ ರಿಪೇರಿ ಇದಕ್ಕೆ ಸೇರುವುದಿಲ್ಲ. ಗೃಹಸಾಲದ ಬಡ್ಡಿಯನ್ನು ಮೊದಲೇ ಆದಾಯದಲ್ಲಿ ಕಳೆದುಕೊಂಡಿದ್ದರೆ, ಮತ್ತೆ ಅಸಲಿಗೆ ಸೇರಿಸುವ ದಾರಿಯನ್ನು 2023ರ ಬಜೆಟ್ ಮುಚ್ಚಿದೆ.

ಈಗ ಇಂಡೆಕ್ಸೇಷನ್, ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಅಸಲನ್ನು ಹಿಗ್ಗಿಸುವುದು. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಇಂಡೆಕ್ಸೇಷನ್ ಇಲ್ಲದೆ ಶೇ 12.5 ತೆರಿಗೆ ಎಂಬ ನಿಯಮ ಬಂತು. ಇಂಡೆಕ್ಸೇಷನ್ ಹೋಯಿತು ಎಂಬ ಮಾತು ಎಲ್ಲೆಡೆ ಹಬ್ಬಿತು, ಆದರೆ ಪೂರ್ತಿ ಹೋಗಿಲ್ಲ. ಆ ದಿನಕ್ಕೂ ಮುಂಚೆ ಪಡೆದ ಜಮೀನು ಅಥವಾ ಕಟ್ಟಡವನ್ನು ಭಾರತದ ನಿವಾಸಿ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾರಿದರೆ, ಹಳೆಯ ರೀತಿಯ ತೆರಿಗೆಯನ್ನೂ (ಇಂಡೆಕ್ಸೇಷನ್ ಜೊತೆ ಶೇ 20) ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆ ಇರುವುದನ್ನು ಕಟ್ಟಿದರೆ ಸಾಕು. ವಿದೇಶದಲ್ಲಿ ನೆಲೆಸಿರುವ ಅನಿವಾಸಿ ಕನ್ನಡಿಗರಿಗೆ ಈ ಆಯ್ಕೆ ಇಲ್ಲ.

ನಮ್ಮ ಉದಾಹರಣೆಯಲ್ಲಿ ಹೊಸ ದಾರಿ ಸುಲಭ. 94 ಲಕ್ಷದಲ್ಲಿ 21 ಲಕ್ಷ ಕಳೆದರೆ ಲಾಭ 73 ಲಕ್ಷ, ತೆರಿಗೆ 9,12,500 ರೂಪಾಯಿ. ಹಳೆಯ ದಾರಿಗೆ ಸೂಚ್ಯಂಕ ಬೇಕು. 2005-06ಕ್ಕೆ 117, 2012-13ಕ್ಕೆ 200, ಮಾರಿದ 2025-26ಕ್ಕೆ 376. 13 ಲಕ್ಷವನ್ನು 376ರಿಂದ ಗುಣಿಸಿ 117ರಿಂದ ಭಾಗಿಸಿದರೆ 41,77,778 ರೂಪಾಯಿ. ಮಹಡಿಯ 8 ಲಕ್ಷಕ್ಕೆ ಅದರದೇ ವರ್ಷದ 200 ಹಿಡಿದರೆ 15,04,000. ಹೀಗೆ ಲಾಭ 37,18,222ಕ್ಕೆ ಇಳಿದು, ಶೇ 20ರಂತೆ ತೆರಿಗೆ 7,43,644 ಆಗುತ್ತದೆ. ಇಲ್ಲೆಲ್ಲ ಸೆಸ್, ಸರ್ಚಾರ್ಜ್ ಸೇರಿಸಿಲ್ಲ.

ಸೂಚ್ಯಂಕದ ವರ್ಷದಲ್ಲೂ ಎಡವುವುದುಂಟು. ಮಗಳಿಗೆ ಬಂದ 2023-24ರ 348 ಹಿಡಿದರೆ 13 ಲಕ್ಷ 14 ಲಕ್ಷವಾಗುವುದೇ ಕಷ್ಟದಿಂದ. ಹಿಂದಿನ ಮಾಲೀಕರು ಕೊಂಡ ವರ್ಷವನ್ನೇ ಹಿಡಿಯಬೇಕೆಂದು ಬಾಂಬೆ ಹೈಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ.

ಮಾರಾಟದ ಬೆಲೆಯ ಸಾಲನ್ನೂ ಒಮ್ಮೆ ನೋಡಿ. ಮಾರ್ಗಸೂಚಿ ಬೆಲೆ ಕ್ರಯದ ಮೊತ್ತಕ್ಕಿಂತ ಶೇ 10ಕ್ಕೂ ಮೀರಿ ಹೆಚ್ಚಿದ್ದರೆ ಮಾರ್ಗಸೂಚಿ ಬೆಲೆಯನ್ನೇ ಮಾರಾಟದ ಬೆಲೆಯೆಂದು ಇಲಾಖೆ ಹಿಡಿಯುತ್ತದೆ. ಇಲ್ಲಿ ಅದು 1.04 ಕೋಟಿ ಇದ್ದರೂ ತೊಂದರೆಯಿಲ್ಲ, 1.10 ಕೋಟಿ ಇದ್ದರೆ ಲಾಭ ಅಷ್ಟೂ ಏರುತ್ತದೆ.

ಉಳಿದದ್ದು ವಿನಾಯಿತಿ. ವಾಸದ ಮನೆ ಮಾರಿ ಇನ್ನೊಂದು ವಾಸದ ಮನೆ ಕೊಂಡರೆ 1961ರ ಕಾಯ್ದೆಯ ಸೆಕ್ಷನ್ 54 ಅನ್ವಯಿಸುತ್ತದೆ. ಮಾರುವ ಒಂದು ವರ್ಷ ಮೊದಲಿನಿಂದ ಎರಡು ವರ್ಷ ನಂತರದವರೆಗೆ ಕೊಳ್ಳಬಹುದು, ಕಟ್ಟಿಸುವುದಾದರೆ ಮೂರು ವರ್ಷ. ಈ ಮಹಿಳೆ 30 ಲಕ್ಷದ ಫ್ಲ್ಯಾಟ್ ಕೊಂಡರೆಂದರೆ ಎರಡೂ ದಾರಿಯಲ್ಲಿ 30 ಲಕ್ಷ ಕಳೆದು ಮತ್ತೆ ಹೋಲಿಸಬೇಕು. ಹೊಸ ದಾರಿಯಲ್ಲಿ ಉಳಿಯುವುದು 43 ಲಕ್ಷ, ತೆರಿಗೆ 5,37,500. ಹಳೆಯದರಲ್ಲಿ ಉಳಿಯುವುದು 7,18,222, ತೆರಿಗೆ 1,43,644. ವಿನಾಯಿತಿ ಕಳೆಯುವ ಮೊದಲು ಸುಮಾರು 1.7 ಲಕ್ಷವಿದ್ದ ವ್ಯತ್ಯಾಸ ಈಗ ಸುಮಾರು 4 ಲಕ್ಷ. ಹೋಲಿಕೆಯನ್ನು ವಿನಾಯಿತಿಯ ನಂತರವೇ ಮಾಡಬೇಕೆನ್ನುವುದು ಇದಕ್ಕೇ. ಉಳಿದ ಲಾಭವನ್ನು ಆರು ತಿಂಗಳೊಳಗೆ ಆರ್‌ಇಸಿ ಅಥವಾ ಪಿಎಫ್‌ಸಿಯಂಥ ಸಂಸ್ಥೆಗಳ 54ಇಸಿ ಬಾಂಡ್‌ನಲ್ಲಿ ಹಾಕಿದರೆ ಅಷ್ಟಕ್ಕೂ ತೆರಿಗೆ ತಪ್ಪುತ್ತದೆ, ಆದರೆ ಹಣ ಐದು ವರ್ಷ ಕೈಗೆ ಸಿಗದು.

ಮಾರಿದ್ದು ಖಾಲಿ ಸೈಟಾಗಿದ್ದರೆ ಕತೆ ಬೇರೆ. ಆಗ ಸೆಕ್ಷನ್ 54ಎಫ್. ಲಾಭವನ್ನಲ್ಲ, ಬಂದ 94 ಲಕ್ಷವನ್ನೂ ಮನೆಗೆ ಹಾಕಿದರೆ ಮಾತ್ರ ಪೂರ್ತಿ ವಿನಾಯಿತಿ. 30 ಲಕ್ಷ ಹಾಕಿದರೆ 73 ಲಕ್ಷದ ಲಾಭದಲ್ಲಿ ಸುಮಾರು 23.3 ಲಕ್ಷಕ್ಕಷ್ಟೇ ಸಿಗುತ್ತದೆ. ಸೈಟು ಮಾರಿದವರಿಗೆ ಸೆಕ್ಷನ್ 54ರ ಲೆಕ್ಕ ಹಾಕಿಕೊಟ್ಟರೆ ಮುಂದೆ ನೋಟಿಸ್ ಬರುವುದು ಅವರ ಮನೆಗೇ.

ಹೊಸ ಮನೆ ಇನ್ನೂ ಸಿಕ್ಕಿಲ್ಲವೆಂದು ಹಣವನ್ನು ಸಾಮಾನ್ಯ ಎಫ್‌ಡಿಯಲ್ಲಿ ಇಡಬೇಡಿ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಬ್ಯಾಂಕಿನಲ್ಲಿ ಬಂಡವಾಳ ಲಾಭ ಯೋಜನೆಯ ಖಾತೆ ತೆರೆದು ಅದರಲ್ಲೇ ಇಡಿ. ಕೊಂಡ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಪಡೆದ ವಿನಾಯಿತಿ ವಾಪಸ್ ಹೋಗುತ್ತದೆ. ಸಹಿ ಹಾಕುವ ಮೊದಲು ಮೂಲ ಕ್ರಯಪತ್ರವನ್ನು ಆಡಿಟರ್ ಮುಂದಿಟ್ಟು, ಎರಡೂ ದಾರಿಯ ಲೆಕ್ಕವನ್ನು ಅಕ್ಕಪಕ್ಕದಲ್ಲಿ ಬರೆದುಕೊಡುವಂತೆ ಕೇಳಿ.