ಸೈಟ್ ತಗೊಂಡೆ ಕಣೆ!

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊರಗೆ ಬಂದವರನ್ನು ಗುರುತಿಸುವುದು ಸುಲಭ. ಬೆಳಿಗ್ಗೆಯಿಂದ ಟೋಕನ್ ಹಿಡಿದು ಕಾದಿರುತ್ತಾರೆ, ಕ್ಯಾಮೆರಾದ ಮುಂದೆ ಕೂತು ಫೋಟೊ ಕೊಟ್ಟಿರುತ್ತಾರೆ, ಹೆಬ್ಬೆಟ್ಟು ಒತ್ತಿರುತ್ತಾರೆ. ಊಟ ಆಗಿರುವುದಿಲ್ಲ. ಆದರೂ ಮೆಟ್ಟಿಲ ಮೇಲೇ ನಿಂತು ಮೊಬೈಲ್ ತೆಗೆಯುತ್ತಾರೆ. ಮೊದಲ ಕರೆ ಮನೆಗೆ, ಎರಡನೆಯದು ಸಾಮಾನ್ಯವಾಗಿ ಗೆಳತಿಗೆ ಅಥವಾ ಗೆಳೆಯನಿಗೆ. "ಸೈಟ್ ತಗೊಂಡೆ ಕಣೆ, ಈಗಷ್ಟೇ ರಿಜಿಸ್ಟ್ರೇಷನ್ ಆಯ್ತು."

ಆ ಕಡೆಯಿಂದ ಬರುವ ಮೊದಲ ಮಾತು ಬಹಳ ಕಾಲ ನೆನಪಿನಲ್ಲಿ ಉಳಿಯುತ್ತದೆ. ಹತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಮನೆ ಎದ್ದು ಗೃಹಪ್ರವೇಶ ನಡೆಯುವಾಗಲೂ, ಅವತ್ತು ಯಾರು ಏನಂದರು ಎಂಬುದನ್ನು ಜನ ಹೇಳಿಕೊಳ್ಳುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದ ಸರ್ಕಾರಿ ಪ್ರೌಢಶಾಲೆಯೊಂದರ ಇಬ್ಬರು ಶಿಕ್ಷಕಿಯರು. ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಸಂಬಳ ಹೆಚ್ಚೂಕಡಿಮೆ ಒಂದೇ, ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕದ ಕುರ್ಚಿ, ಮಧ್ಯಾಹ್ನ ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವಷ್ಟು ಸಲುಗೆ. ಅವರಲ್ಲಿ ಒಬ್ಬಳು ಊರ ಹೊರಗಿನ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟು ಕೊಂಡಿದ್ದಾಳೆ. ಅಂದರೆ 1,200 ಚದರಡಿ, ಹಳ್ಳಿಯ ಲೆಕ್ಕದಲ್ಲಿ ಒಂದು ಗುಂಟೆಗಿಂತ ಚೂರು ಹೆಚ್ಚು. ಬೆಲೆ 18 ಲಕ್ಷ ಎನ್ನೋಣ.

ಈ 18 ಲಕ್ಷದ ಹಿಂದೆ ಏನೇನಿದೆ ಎಂಬುದು ಅಭಿನಂದಿಸುವವರಿಗೆ ತಿಳಿದಿದ್ದರೆ ಅವರ ಮಾತೇ ಬೇರೆಯಾಗುತ್ತದೆ. ಖಾಲಿ ನಿವೇಶನಕ್ಕೆ ಬ್ಯಾಂಕು ಪೂರ್ತಿ ಬೆಲೆಯ ಸಾಲ ಕೊಡುವುದಿಲ್ಲ. 12 ಲಕ್ಷ ಸಿಕ್ಕಿತೆಂದರೆ ಉಳಿದ 6 ಲಕ್ಷವನ್ನು ಕೊಳ್ಳುವವರೇ ಹೊಂದಿಸಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ, ಅದಕ್ಕೊಂದು ಸೆಸ್, ಸರ್ಚಾರ್ಜ್, ಜೊತೆಗೆ ನೋಂದಣಿ ಶುಲ್ಕ. ಈ ನೋಂದಣಿ ಶುಲ್ಕ ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಎಲ್ಲ ಸೇರಿ ಬೆಲೆಯ ಶೇ. 7.6ರ ಆಸುಪಾಸು, ಅಂದರೆ ಹತ್ತಿರ ಹತ್ತಿರ 1 ಲಕ್ಷ 37 ಸಾವಿರ. ಮೊದಲ ಸಲ ಕೊಳ್ಳುವವರು ಹೆಚ್ಚಾಗಿ ಮರೆಯುವುದು ಈ ದುಡ್ಡನ್ನೇ. ಕೊನೆಯ ತಿಂಗಳಲ್ಲಿ ಚೀಟಿ ಕೂಗಿ, ಕೈಬಳೆ ಅಡವಿಟ್ಟು, ತಮ್ಮನ ಹತ್ತಿರ ಕೈಸಾಲ ಮಾಡಿ ತಂದಿರುತ್ತಾರೆ. ರಿಜಿಸ್ಟ್ರೇಷನ್ ದಿನ ಅವರ ಹೆಸರಿಗೆ ಜಾಗ ಬಂದಿರುತ್ತದೆ, ಕೈಯಲ್ಲಿ ಆಟೋಗೆ ಕೊಡುವಷ್ಟು ಚಿಲ್ಲರೆ ಉಳಿದಿರುತ್ತದೆ.

ಹಾಗಾಗಿಯೇ "ಪಾರ್ಟಿ ಯಾವಾಗ?" ಎಂಬ ಪ್ರೀತಿಯ ಮಾತೂ ಅವತ್ತು ಚುಚ್ಚುತ್ತದೆ. ಸಿಹಿ ಕೊಂಡು ತಾವೇ ಅವರ ಮನೆಗೆ ಹೋಗುವವರು ಎಲ್ಲೋ ಕೆಲವರು. ಅವರನ್ನು ಯಾರೂ ಮರೆಯುವುದಿಲ್ಲ.

ಇನ್ನೊಂದು ಪ್ರಶ್ನೆ, "ಎಷ್ಟಾಯ್ತು?" ನಮ್ಮಲ್ಲಿ ಇದು ಕೇಳುವವರ ಬಾಯಿಗೆ ತಾನಾಗಿ ಬರುತ್ತದೆ, ಕೇಳಿದ್ದರಲ್ಲಿ ಕೆಟ್ಟ ಉದ್ದೇಶವೂ ಇರುವುದಿಲ್ಲ. ಆದರೆ ಜಮೀನಿನ ವ್ಯವಹಾರದಲ್ಲಿ ಬೆಲೆ ಎಂಬುದು ಒಂದೇ ಅಂಕಿಯಲ್ಲ. ಸರ್ಕಾರದ ಮಾರ್ಗಸೂಚಿ ದರ ಒಂದು, ಮಾರುಕಟ್ಟೆಯ ದರ ಒಂದು. ಉತ್ತರ ಹೇಳುವವರು ಯಾವುದನ್ನು ಹೇಳಬೇಕೆಂದು ಒಂದು ಗಳಿಗೆ ತಡವರಿಸುತ್ತಾರೆ. ಕಡಿಮೆ ಹೇಳಿದರೆ ಸುಳ್ಳು, ಹೆಚ್ಚು ಹೇಳಿದರೆ "ಅಷ್ಟೊಂದು ಕೊಟ್ಯಾ? ಮೋಸ ಹೋದೆ" ಎಂಬ ಮಾತಿನ ಭಯ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳುವುದು, ಇಲ್ಲದಿದ್ದರೆ ಬಿಡುವುದು ಒಳ್ಳೆಯದು.

ಹಾಗಾದರೆ ಏನು ಕೇಳಬೇಕು? ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಗಟ್ಟಿ ಕೆಲಸ ನಡೆದಿದೆ. ಅಮೆರಿಕದ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕಷ್ಟ ಹೇಳಿಕೊಂಡಾಗ ಆಪ್ತರು ಹೇಗೆ ಸ್ಪಂದಿಸುತ್ತಾರೆ ಎಂಬುದರ ಬಗ್ಗೆ ಆಗಲೇ ಬೇಕಾದಷ್ಟು ಸಂಶೋಧನೆ ಆಗಿತ್ತು. ಇವರು ನೋಡಿದ್ದು ಸಂತೋಷದ ಸುದ್ದಿ ಹೇಳಿಕೊಂಡಾಗ ಏನಾಗುತ್ತದೆ ಎಂಬುದನ್ನು. ಜನರ ಪ್ರತಿಕ್ರಿಯೆಯನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸಿದರು. ಸ್ಟಾಫ್ ರೂಮಿನ ಭಾಷೆಯಲ್ಲಿ ಹೇಳುವುದಾದರೆ, "ಹೌದೇನೇ! ಎಲ್ಲಿ, ಹೇಗೆ ಹೊಂದಿಸಿದೆ, ಕೂತ್ಕೊ ಪೂರ್ತಿ ಹೇಳು" ಎಂದು ಮುಗಿಬೀಳುವವರು ಒಂದು ಬಗೆ. "ಅಯ್ಯೋ, ಆ ಕಡೆ ಬೋರ್‌ವೆಲ್‌ನಲ್ಲಿ ನೀರೇ ಬರಲ್ವಂತೆ" ಎಂದು ಹುಳುಕು ಹುಡುಕುವವರು ಇನ್ನೊಂದು. ಸುದ್ದಿಯನ್ನು ಕಿವಿಗೇ ಹಾಕಿಕೊಳ್ಳದೆ "ನಮ್ಮ ಭಾವನೂ ಮೊನ್ನೆ ಎರಡು ಸೈಟ್ ತಗೊಂಡ್ರು" ಎನ್ನುವವರು ಮತ್ತೊಂದು. ಈ ಮೂವರ ನಡುವೆ ಕಣ್ಣಿಗೆ ಬೀಳದ ನಾಲ್ಕನೆಯವರಿದ್ದಾರೆ. ಅವರು ನಗುತ್ತಾರೆ, "ಒಳ್ಳೇದಾಯ್ತು ಬಿಡು" ಎನ್ನುತ್ತಾರೆ, ಉತ್ತರಪತ್ರಿಕೆ ತಿದ್ದುವುದಕ್ಕೆ ಮರಳುತ್ತಾರೆ.

ಅಧ್ಯಯನದ ಅಚ್ಚರಿ ಇರುವುದು ಈ ನಾಲ್ಕನೆಯವರಲ್ಲಿ. ಅವರು ಕೆಟ್ಟ ಮಾತು ಒಂದೂ ಆಡಿಲ್ಲ. ಆದರೂ ಗಟ್ಟಿಯಾದ, ಸಂತೃಪ್ತ ಸಂಬಂಧಗಳ ಜೊತೆ ಕಾಣಿಸಿಕೊಂಡದ್ದು ಮೊದಲ ಬಗೆಯ ಪ್ರತಿಕ್ರಿಯೆ ಮಾತ್ರ. ಸದ್ದಿಲ್ಲದ ಶುಭಾಶಯ ಉಳಿದೆರಡರ ಸಾಲಿನಲ್ಲೇ ನಿಂತಿತು. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಒಂದು ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುವುದು ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸುಮ್ಮನಾಗುವವರೆಲ್ಲ ಒರಟರೇನಲ್ಲ. ಅನೇಕರು ಒಳಗಿನ ಚುರುಕ್ಕನ್ನು ಮುಚ್ಚಿಡಲು ಸುಮ್ಮನಾಗುತ್ತಾರೆ. ಹೊಟ್ಟೆಕಿಚ್ಚು, ಕರುಬು, ಮತ್ಸರ ಎಂದು ಕನ್ನಡದಲ್ಲಿ ಅದಕ್ಕೆ ಹೆಸರುಗಳು ಹಲವು. ಅದು ಯಾರ ಮೇಲೆ ಹುಟ್ಟುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. 1980ರ ದಶಕದಲ್ಲಿ ಅಬ್ರಹಾಂ ಟೆಸ್ಸರ್ ಎಂಬ ಮನಶ್ಶಾಸ್ತ್ರಜ್ಞ ವಿವರಿಸಿದಂತೆ, ಗೆದ್ದವರು ನಮಗೆ ಎಷ್ಟು ಹತ್ತಿರದವರೋ, ಗೆದ್ದ ವಿಷಯ ನಮಗೂ ಎಷ್ಟು ಮುಖ್ಯವೋ ಅಷ್ಟು ಜೋರಾಗಿ ಚುಚ್ಚುತ್ತದೆ. ಉದ್ಯಮಿಯೊಬ್ಬರು ನೂರು ಎಕರೆ ಕೊಂಡರೆ ಹಾಸನದ ಶಿಕ್ಷಕಿಗೆ ನಿದ್ದೆ ಕೆಡುವುದಿಲ್ಲ. ಪಕ್ಕದ ಕುರ್ಚಿಯವಳು, ತನ್ನಷ್ಟೇ ಸಂಬಳದವಳು, ತಾನೂ ಕನಸು ಕಾಣುತ್ತಿದ್ದ ಅದೇ ಮೂವತ್ತು ನಲವತ್ತನ್ನು ಕೊಂಡಾಗ ಕೆಡುತ್ತದೆ. ಆ ಚುರುಕ್ಕಿನ ಅರ್ಥ ತನ್ನ ಮನಸ್ಸು ಕೆಟ್ಟದ್ದು ಎಂದಲ್ಲ, ಗೆಳತಿ ಅಷ್ಟು ಹತ್ತಿರದವಳು ಎಂದು.

ಅದು ಕಿಚ್ಚಾಗಿ ಬೆಳೆಯುವುದೋ ಇಳಿಯುವುದೋ ಎಂಬುದನ್ನು ನಿರ್ಧರಿಸುವ ಸಂಗತಿಯೂ ಗೊತ್ತಾಗಿದೆ. ಡಚ್ ಭಾಷೆಯಲ್ಲಿ ಅಸೂಯೆಗೆ ಎರಡು ಬೇರೆ ಪದಗಳಿವೆ. ಎದುರಿನವರಂತೆ ತಾನೂ ಏರಬೇಕೆನ್ನುವುದು ಒಂದು, ಎದುರಿನವರು ಇಳಿಯಲಿ ಎನ್ನುವುದು ಇನ್ನೊಂದು. ನೆದರ್ಲೆಂಡ್ಸಿನ ನೀಲ್ಸ್ ಫಾನ್ ಡೆ ಫೆನ್ ಮತ್ತು ಸಂಗಡಿಗರು 2009ರಿಂದ ಈ ಎರಡನ್ನೂ ಬೇರ್ಪಡಿಸಿ ಅಧ್ಯಯನ ಮಾಡಿದ್ದಾರೆ. ಎದುರಿನವರಿಗೆ ಸಿಕ್ಕಿದ್ದು ಅವರ ಅರ್ಹತೆಗೆ ತಕ್ಕದ್ದು ಅನ್ನಿಸಿದಾಗ ಮೊದಲನೆಯದು, ಅರ್ಹತೆಯಿಲ್ಲದೆ ದಕ್ಕಿತು ಅನ್ನಿಸಿದಾಗ ಎರಡನೆಯದು ಎನ್ನುವುದು ಅವರು ಕಂಡುಕೊಂಡ ಮುಖ್ಯ ವ್ಯತ್ಯಾಸ.

ಇಲ್ಲಿ ಎರಡು ಎಳೆಗಳೂ ಸೇರುತ್ತವೆ. "ಹೇಗೆ ಹೊಂದಿಸಿದೆ?" ಎಂಬ ಪ್ರಶ್ನೆ ಕೊಂಡವಳಿಗೆ ಖುಷಿ ಕೊಡುತ್ತದೆ, ಕೇಳಿದವಳ ಕಿಚ್ಚನ್ನೂ ತಣಿಸುತ್ತದೆ. ದೂರದಿಂದ ನೋಡಿದರೆ ಕಾಣುವುದು ಸೈಟು ಮಾತ್ರ. ಕೇಳುತ್ತಾ ಕೂತರೆ ಅಡವಿಟ್ಟ ಬಳೆ ಕಾಣುತ್ತದೆ, ಮೂಲಪತ್ರ ಸಿಗದೆ ಮೂರು ಸಲ ತಪ್ಪಿದ ವ್ಯವಹಾರ ಕಾಣುತ್ತದೆ, ಋಣಭಾರ ಪತ್ರಕ್ಕಾಗಿ ರಜೆ ಹಾಕಿ ಅಲೆದ ದಿನಗಳು ಕಾಣುತ್ತವೆ. ಅಷ್ಟು ಕೇಳಿದ ಮೇಲೆ "ಇವಳಿಗೆ ಸಿಗಬೇಕಾದ್ದೇ" ಎಂಬ ಮಾತು ಶಿಷ್ಟಾಚಾರಕ್ಕೆ ಬರುವುದಿಲ್ಲ, ನಿಜವಾಗಿಯೇ ಬರುತ್ತದೆ.

ಕೇಳಲು ಇನ್ನೂ ಒಂದು ಚೆಂದದ ವಿಷಯವಿದೆ: ಚೆಕ್ಕುಬಂದಿ. ಕ್ರಯಪತ್ರದಲ್ಲಿ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ, ದಕ್ಷಿಣಕ್ಕೆ ಏನು ಎಂದು ಬರೆದ ನಾಲ್ಕು ಸಾಲು. "ಯಾವ ಕಡೆ ರಸ್ತೆ, ಪಕ್ಕದಲ್ಲಿ ಯಾರು?" ಎಂದು ಕೇಳಿದರೆ ಸಾಕು, ಗೆಳತಿ ಮೇಜಿನ ಮೇಲೆ ಬೆರಳಿನಲ್ಲಿ ನಕ್ಷೆ ಬರೆಯತೊಡಗುತ್ತಾಳೆ. "ದಕ್ಷಿಣ ದಿಕ್ಕಾ? ವಾಸ್ತು ನೋಡಿಸಿದ್ಯಾ?" ಎಂದರೆ ಆ ಬೆರಳು ಅಲ್ಲೇ ನಿಲ್ಲುತ್ತದೆ.

ನಿಜವಾಗಿಯೂ ಕಾಗದಪತ್ರದಲ್ಲಿ ಲೋಪ ಕಂಡರೆ? ಇದು ಹೊತ್ತು ನೋಡಿ ಆಡಬೇಕಾದ ಮಾತು. ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ಗೆಳತಿ ಕೇಳಿದರೆ ಮುಲಾಜಿಲ್ಲದೆ ಹೇಳಬೇಕು. ಭೂಪರಿವರ್ತನೆ ಆಗಿದೆಯೇ, ಬಡಾವಣೆಗೆ ಅನುಮೋದನೆ ಇದೆಯೇ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಸಿಗುತ್ತದೆಯೇ ಎಂದು ಅಂಜದೆ ಕೇಳಬೇಕು. ರಿಜಿಸ್ಟ್ರೇಷನ್ ಆದ ದಿನ ಅದೇ ಮಾತು ಸಲಹೆ ಆಗುವುದಿಲ್ಲ, ಸೂತಕದ ಸುದ್ದಿಯಾಗುತ್ತದೆ. ಒಂದೆರಡು ದಿನ ಬಿಟ್ಟು, ಮಾಡಲು ಸಾಧ್ಯವಿರುವುದನ್ನು ಮಾತ್ರ ಎತ್ತಬಹುದು. ಕ್ರಯಪತ್ರ ನೋಂದಣಿಯಾದರೆ ಕೆಲಸ ಮುಗಿಯಿತೆಂದು ಅನೇಕರು ಅಂದುಕೊಳ್ಳುತ್ತಾರೆ. ಖಾತೆ ಹೊಸ ಮಾಲೀಕರ ಹೆಸರಿಗೆ ಬದಲಾಗಿದೆಯೇ ಎಂದು ನೋಡಿಕೊಳ್ಳುವುದು, ಕಂದಾಯ ಕಟ್ಟುವುದು ಇನ್ನೂ ಬಾಕಿ ಇರುತ್ತದೆ. "ಖಾತೆ ಆಯ್ತಾ?" ಎಂದರೆ ಅನುಮಾನದಂತೆ ಕೇಳಿಸುತ್ತದೆ. "ಖಾತೆಗೆ ಹೋಗೋ ದಿನ ಹೇಳು, ನಾನೂ ಬರ್ತೀನಿ" ಎಂದರೆ ಅದೇ ವಿಷಯ ಜೊತೆಯಾಗಿ ಕೇಳಿಸುತ್ತದೆ.

ಮೊದಲ ಗಾಡಿಯ ವಿಷಯದಲ್ಲಿ ರೀತಿ ಸ್ವಲ್ಪ ಬೇರೆ. ಬೆಂಗಳೂರಿನ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಮುಂದೆ ಹೊಸ ಗಾಡಿಗಳಿಗೆ ಹಾರ ಹಾಕಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಹೊರಡುವವರನ್ನು ನೋಡಿದರೆ ಗೊತ್ತಾಗುತ್ತದೆ, ದೃಷ್ಟಿ ತಾಗೀತೆಂಬ ಅಳುಕು ಖುಷಿಯ ಪಕ್ಕದಲ್ಲೇ ಕೂತಿರುತ್ತದೆ. ಅಂಥವರಿಗೆ "ಮೈಲೇಜ್ ಎಷ್ಟು ಕೊಡುತ್ತೆ?" ಎಂಬುದು ಹಿತವಾದ ಪ್ರಶ್ನೆ, ಹೆಮ್ಮೆಯಿಂದ ಉತ್ತರಿಸುತ್ತಾರೆ. "ಇದಕ್ಕೆ ರೀಸೇಲ್ ವ್ಯಾಲ್ಯೂ ಇಲ್ಲ" ಎಂಬುದು ಹಾರ ಬಾಡುವ ಮುಂಚೆಯೇ ಮಾರುವ ಮಾತು. ಕೀ ಕೇಳಿ ಓಡಿಸುವುದಕ್ಕಿಂತ "ಒಂದು ರೌಂಡ್ ಕರ್ಕೊಂಡು ಹೋಗು" ಎಂದು ಹಿಂದೆ ಕೂರುವುದು ಮೇಲು. ಓಡಿಸುವ ಸಂಭ್ರಮ ಕೊಂಡವರದ್ದು.

ಸೈಟಿಗೆ ರೌಂಡ್ ಇಲ್ಲ, ಹೋಗಿ ನೋಡಬೇಕು. ಹಾಗಾಗಿ ಹಾಸನದ ಆ ಗೆಳತಿ ಮಾಡಬಹುದಾದ ದೊಡ್ಡ ಅಭಿನಂದನೆ ಭಾನುವಾರ ಬೆಳಿಗ್ಗೆ ಜೊತೆಗೆ ಹೊರಡುವುದು. ಅಲ್ಲಿ ನೋಡಲು ಹೆಚ್ಚೇನೂ ಇರುವುದಿಲ್ಲ. ಮೊಣಕಾಲೆತ್ತರದ ಪಾರ್ಥೇನಿಯಂ, ಒಂದು ವಿದ್ಯುತ್ ಕಂಬ, ದೂರದಲ್ಲಿ ಯಾರದೋ ಅರ್ಧ ಕಟ್ಟಿದ ಗೋಡೆ. ಆದರೆ ಬಡಾವಣೆಯವರು ನೆಟ್ಟ ಮೂಲೆಕಲ್ಲು ನಾಲ್ಕೂ ಇದೆಯೇ, ಪಕ್ಕದವರು ಒಂದಡಿ ಒಳಗೆ ಬಂದಿದ್ದಾರೆಯೇ ಎಂದು ಅಳೆದು ನೋಡುವುದಕ್ಕೆ ಅದೇ ಸರಿಯಾದ ಹೊತ್ತು. ನಲವತ್ತಡಿಯನ್ನು ಒಬ್ಬರೇ ಅಳೆಯಲಾಗುವುದಿಲ್ಲ. ಗೆಳತಿ ಟೇಪಿನ ತುದಿಯನ್ನು ಒಂದು ಕಲ್ಲಿಗೆ ಒತ್ತಿ ಹಿಡಿದು ಕೂರುತ್ತಾಳೆ. ಕೊಂಡವಳು ಸೀರೆಯ ನೆರಿಗೆ ಎತ್ತಿಕೊಂಡು, ಗಿಡಗಳನ್ನು ಸರಿಸುತ್ತಾ, ಟೇಪು ಬಿಚ್ಚಿಕೊಂಡು ಆಚೆ ಮೂಲೆಯತ್ತ ನಡೆಯುತ್ತಾಳೆ. ಅಲ್ಲಿಂದ ಕೂಗುತ್ತಾಳೆ, "ನಲವತ್ತು ಸರಿಯಾಗಿದೆ ಕಣೆ!"