ಸ್ಟ್ರಿಪ್ಪಿನ ತುದಿಯ ಸಣ್ಣ ಅಕ್ಷರಗಳು

ಕೋವಿಡ್‌ನ ಎರಡನೆಯ ಅಲೆ ಏರುತ್ತಿದ್ದ 2021ರ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ರೆಮ್ಡೆಸಿವಿರ್ ಇಂಜೆಕ್ಷನ್ನಿನ ಅಸಲಿ ಡಬ್ಬಕ್ಕೂ ನಕಲಿ ಡಬ್ಬಕ್ಕೂ ಇರುವ ವ್ಯತ್ಯಾಸಗಳನ್ನು ಜನರ ಮುಂದಿಟ್ಟರು. ದೂರದಿಂದ ನೋಡಿದರೆ ಎರಡೂ ಒಂದೇ. ಹತ್ತಿರ ಹಿಡಿದರೆ, ನಕಲಿಯ ಮೇಲೆ ಔಷಧದ ಹೆಸರಿನ ಮುಂದೆ ಇರಬೇಕಾದ ಆರ್‌ಎಕ್ಸ್ ಗುರುತು ಇರಲಿಲ್ಲ. ಕೆಂಪಕ್ಷರದಲ್ಲಿರಬೇಕಾದ ಎಚ್ಚರಿಕೆ ಕಪ್ಪಕ್ಷರದಲ್ಲಿತ್ತು. ವಿಳಾಸದಲ್ಲಿ ತೆಲಂಗಾಣದ ಇಂಗ್ಲಿಷ್ ಕಾಗುಣಿತ ತಪ್ಪಾಗಿತ್ತು. ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುವವರನ್ನು ಬಿಟ್ಟು, ವಾಟ್ಸಾಪ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿ, ಕೇಳಿದಷ್ಟು ದುಡ್ಡು ಕೊಟ್ಟು ಡಬ್ಬ ತಂದವರಿಗೆ ಕಾಗುಣಿತ ತಿದ್ದುವ ಪುರುಸೊತ್ತು ಎಲ್ಲಿಂದ ಬರಬೇಕು?

ಅದೇ ತಿಂಗಳು ಮೈಸೂರಿನಲ್ಲಿ ಇನ್ನೊಂದು ಜಾಲ ಸಿಕ್ಕಿಬಿತ್ತು. ಅಲ್ಲಿ ಯಾರೂ ಲೇಬಲ್ ಅಚ್ಚು ಹಾಕಿಸುವ ಗೋಜಿಗೇ ಹೋಗಿರಲಿಲ್ಲ. ಬಳಸಿ ಖಾಲಿಯಾದ ರೆಮ್ಡೆಸಿವಿರ್ ಸೀಸೆಗಳಿಗೆ ಸಲೈನ್ ಮತ್ತು ಆಂಟಿಬಯೋಟಿಕ್ ತುಂಬಿ ಮಾರುತ್ತಿದ್ದರು. ಇಲ್ಲಿ ಲೇಬಲ್ ಅಸಲಿ, ಕಾಗುಣಿತ ಸರಿ, ಬ್ಯಾಚ್ ನಂಬರ್ ಕೂಡ ಕಂಪನಿಯದೇ. ಒಳಗಿನ ದ್ರವ ಮಾತ್ರ ಸುಳ್ಳು. ಇಂಥದ್ದರಲ್ಲಿ ನೋಡಬೇಕಾದದ್ದು ಮುಚ್ಚಳವನ್ನು. ಇಂಜೆಕ್ಷನ್ ಸೀಸೆಯ ರಬ್ಬರ್ ಬಿರಡೆಯನ್ನು ಅಲ್ಯೂಮಿನಿಯಂ ಪಟ್ಟಿಯೊಂದು ಬಿಗಿಹಿಡಿದಿರುತ್ತದೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಬಣ್ಣದ ಬಿಲ್ಲೆ ಕೂತಿರುತ್ತದೆ. ಒಮ್ಮೆ ಕಿತ್ತ ಬಿಲ್ಲೆ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ. ಬಿಲ್ಲೆ ಅಲ್ಲಾಡುತ್ತಿದ್ದರೆ, ಪಟ್ಟಿ ಸುಕ್ಕಾಗಿದ್ದರೆ, ರಬ್ಬರಿನಲ್ಲಿ ಸೂಜಿ ಚುಚ್ಚಿದ ಗುರುತಿದ್ದರೆ ಆ ಸೀಸೆಯನ್ನು ಬಳಸಬಾರದು. ಸಿರಪ್ ಬಾಟಲಿಗೂ ಇದೇ ಮಾತು: ಮುಚ್ಚಳ ತಿರುಗಿಸುವ ಮೊದಲೇ ಕೆಳಗಿನ ಉಂಗುರ ಕಡಿದಿದ್ದರೆ ಅದು ಯಾರೋ ತೆರೆದ ಬಾಟಲಿ.

ಕೆಟ್ಟ ಔಷಧಗಳೆಲ್ಲ ಒಂದೇ ಜಾತಿಯವಲ್ಲ. ನಕಲಿ ಎಂದರೆ ಇನ್ನೊಬ್ಬರ ಹೆಸರು ಹಾಕಿಕೊಂಡು ಬಂದದ್ದು, ಅಥವಾ ಇಲ್ಲದ ಕಂಪನಿಯ ಹೆಸರಿನಲ್ಲಿ ಬಂದದ್ದು. ಗುಣಮಟ್ಟವಿಲ್ಲದ್ದು ಎಂದರೆ ಲೈಸೆನ್ಸ್ ಇರುವ ಕಂಪನಿಯೇ ತಯಾರಿಸಿದ್ದು, ಆದರೆ ಪರೀಕ್ಷೆಯಲ್ಲಿ ಸೋತದ್ದು: ಮಾತ್ರೆ ಹೊಟ್ಟೆಯಲ್ಲಿ ಕರಗಬೇಕಾದಷ್ಟು ಕರಗದು, ಔಷಧಾಂಶ ಕಡಿಮೆ, ಅಥವಾ ಇರಬಾರದ್ದು ಬೆರೆತಿದೆ. ಮೊದಲನೆಯದನ್ನು ಕೆಲವೊಮ್ಮೆ ಕಣ್ಣಿನಿಂದಲೇ ಹಿಡಿಯಬಹುದು. ಎರಡನೆಯದು ಕಣ್ಣಿಗೆ ಸಿಗುವುದು ಅಪರೂಪ. ಎರಡರ ಬೆನ್ನು ಹತ್ತುವುದಕ್ಕೂ ಬೇಕಾದ ಎಳೆ ಒಂದೇ, ಬ್ಯಾಚ್ ನಂಬರ್.

ಮಾತ್ರೆಯ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ನೋಡಿ. ಬ್ರ್ಯಾಂಡ್ ಹೆಸರು, ಒಳಗಿರುವ ಔಷಧದ ಹೆಸರು, ಪ್ರಮಾಣ, ತಯಾರಕರ ವಿಳಾಸ ಇವೆಲ್ಲ ಅಲ್ಯೂಮಿನಿಯಂ ಹಾಳೆಯ ಸುರುಳಿಯ ಮೇಲೆ ಮೊದಲೇ ಅಚ್ಚಾಗಿ ಬಂದಿರುತ್ತವೆ. ಬ್ಯಾಚ್ ನಂಬರ್, ತಯಾರಾದ ತಿಂಗಳು, ಎಕ್ಸ್‌ಪೈರಿ ತಿಂಗಳು ಸಾಮಾನ್ಯವಾಗಿ ಆಮೇಲೆ, ಪ್ಯಾಕಿಂಗ್ ನಡೆಯುವಾಗ ಬೀಳುತ್ತವೆ. ಕೆಲವು ಸ್ಟ್ರಿಪ್ಪುಗಳಲ್ಲಿ ಶಾಯಿಯಲ್ಲಿ, ಕೆಲವದರಲ್ಲಿ ಅಂಚಿನ ಉಬ್ಬಚ್ಚಿನಲ್ಲಿ. ಆದ್ದರಿಂದ ಈ ಸಾಲುಗಳು ಕೊಂಚ ಓರೆಯಾಗಿದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ, ಅಸಲಿ ಸ್ಟ್ರಿಪ್ಪಿನಲ್ಲೂ ಹಾಗಾಗುತ್ತದೆ. ಅನುಮಾನ ಪಡಬೇಕಾದದ್ದು ಬೇರೆ ಕಡೆ. ಒದ್ದೆ ಬೆರಳಿನಿಂದ ಉಜ್ಜಿದರೆ ತಾರೀಕು ಅಳಿಸಿಹೋಗುತ್ತದೆಯೇ? ಹಳೆಯ ತಾರೀಕಿನ ಮೇಲೆ ಚೀಟಿ ಅಂಟಿಸಿದ್ದಾರೆಯೇ? ಸ್ಟ್ರಿಪ್ಪಿನ ನಂಬರಿಗೂ ಅದು ಬಂದ ಡಬ್ಬದ ನಂಬರಿಗೂ ತಾಳೆಯಾಗುತ್ತದೆಯೇ? ಒಂದೇ ಡಬ್ಬದಲ್ಲಿ ಎರಡು ಬ್ಯಾಚಿನ ಸ್ಟ್ರಿಪ್ಪುಗಳಿದ್ದರೆ ಅಂಗಡಿಯವರು ಉಳಿದದ್ದನ್ನು ಒಟ್ಟಿಗೆ ಹಾಕಿಟ್ಟಿರಬಹುದು, ಕೇಳಿದರೆ ಹೇಳುತ್ತಾರೆ. ಸಿರಪ್ ಬಾಟಲಿಯ ನಂಬರ್ ಅದರ ಡಬ್ಬದ ಮೇಲಿನ ನಂಬರಿಗಿಂತ ಬೇರೆಯಾಗಿದ್ದರೆ ಮಾತ್ರ ಬೇಡ ಎನ್ನಿ.

ತಯಾರಕರ ಹೆಸರನ್ನೂ ಒಮ್ಮೆ ಓದಬೇಕು. ದಪ್ಪಕ್ಷರದಲ್ಲಿ ಕಾಣುವುದು ಎಷ್ಟೋ ಸಲ ಮಾರಾಟ ಮಾಡುವ ಕಂಪನಿಯ ಹೆಸರು. ನಿಜವಾಗಿ ತಯಾರಿಸಿದವರ ಹೆಸರು, ವಿಳಾಸ, ಅವರ ತಯಾರಿಕಾ ಲೈಸೆನ್ಸ್ ನಂಬರ್ ಸಣ್ಣಕ್ಷರದಲ್ಲಿರುತ್ತವೆ. ಈ ಮೂರೂ ಲೇಬಲ್ ಮೇಲೆ ಇರಬೇಕೆಂದು ಔಷಧ ನಿಯಮಗಳು ಹೇಳುತ್ತವೆ. ಲೈಸೆನ್ಸ್ ನಂಬರೇ ಇಲ್ಲದ, ಊರಿನ ಹೆಸರನ್ನಷ್ಟೇ ಹಾಕಿ ವಿಳಾಸ ನುಂಗಿಕೊಂಡ ಔಷಧವನ್ನು ಕೊಳ್ಳಲೇಬಾರದು.

ಇಷ್ಟೆಲ್ಲ ನೋಡಿದ ಮೇಲೂ ನಕಲಿ ನುಸುಳಬಹುದು. ಜಾಣನಾದ ನಕಲಿಗಾರ ಲೇಬಲ್ ಜೊತೆಗೆ ಕಂಪನಿಯ ನಿಜವಾದ ಬ್ಯಾಚ್ ನಂಬರನ್ನೂ ಕದಿಯುತ್ತಾನೆ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪರೀಕ್ಷೆಯಲ್ಲಿ ಸೋತ ಔಷಧಗಳ ಪಟ್ಟಿ ಹೊರಡಿಸುತ್ತದೆ. 2024ರ ಆಗಸ್ಟ್ ತಿಂಗಳ ಪಟ್ಟಿ ದೊಡ್ಡ ಸುದ್ದಿಯಾಯಿತು, ಏಕೆಂದರೆ ರಕ್ತದೊತ್ತಡಕ್ಕೂ ಹೊಟ್ಟೆಯ ಆಮ್ಲಕ್ಕೂ ಮನೆಮನೆಯಲ್ಲಿ ನುಂಗುವ ಹೆಸರಾಂತ ಬ್ರ್ಯಾಂಡುಗಳು ಅದರಲ್ಲಿದ್ದವು. ಅವುಗಳಲ್ಲಿ ಕೆಲವದರ ಬಗ್ಗೆ ಕಂಪನಿಗಳು ಕೊಟ್ಟ ಉತ್ತರ, ‘ಈ ಬ್ಯಾಚನ್ನು ನಾವು ತಯಾರಿಸಿಯೇ ಇಲ್ಲ, ಇದು ನಕಲಿ’ ಎಂದು. ಹೊರಗಿನಿಂದ ನೋಡಿದವರಿಗೆ ಅದು ಆ ಕಂಪನಿಯದೇ ಮಾತ್ರೆ. ಬಯಲಾದದ್ದು ಪ್ರಯೋಗಾಲಯದಲ್ಲಿ ಮತ್ತು ಕಂಪನಿಯ ದಫ್ತರದಲ್ಲಿ. ಈ ಪಟ್ಟಿ cdsco.gov.in ತಾಣದಲ್ಲಿ ಸಿಗುತ್ತದೆ. ಅದರಲ್ಲಿ ಔಷಧದ ಹೆಸರನ್ನಷ್ಟೇ ನೋಡಿ ಬೆಚ್ಚುವುದು ತಪ್ಪು. ಹೆಸರು, ಬ್ಯಾಚ್ ನಂಬರ್, ತಯಾರಾದ ತಿಂಗಳು, ತಯಾರಕರು ಎಲ್ಲವೂ ನಿಮ್ಮ ಸ್ಟ್ರಿಪ್ಪಿಗೆ ಹೊಂದಬೇಕು. ಸೋತದ್ದು ಒಂದು ಬ್ಯಾಚು, ಇಡೀ ಬ್ರ್ಯಾಂಡ್ ಅಲ್ಲ.

ಇನ್ನು ಕ್ಯೂಆರ್ ಕೋಡ್. 2023ರ ಆಗಸ್ಟ್ 1ರಿಂದೀಚೆಗೆ ತಯಾರಾದ, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಉಳಿದ ಸಾವಿರಾರು ಬ್ರ್ಯಾಂಡುಗಳ ಮೇಲೆ ಕೋಡ್ ಇಲ್ಲದಿದ್ದರೆ ಅದು ದೋಷವಲ್ಲ. ಸ್ಕ್ಯಾನ್ ಮಾಡಿದಾಗ ಔಷಧದ ಹೆಸರು, ತಯಾರಕರು, ಬ್ಯಾಚ್ ನಂಬರ್, ಎರಡು ತಾರೀಕುಗಳು, ಲೈಸೆನ್ಸ್ ನಂಬರ್ ತೆರೆಯಬೇಕು. ತೆರೆದದ್ದನ್ನು ನೋಡಿ ಸಮಾಧಾನಪಟ್ಟುಕೊಂಡರೆ ಸಾಲದು, ಸ್ಟ್ರಿಪ್ಪಿನ ಮೇಲಿನ ಅಕ್ಷರಗಳ ಜೊತೆ ಒಂದೊಂದಾಗಿ ಹೋಲಿಸಬೇಕು. ನಕಲಿಗಾರ ಒಂದು ಬ್ಯಾಚಿನ ಕೋಡನ್ನು ಎತ್ತಿ ಬೇರೆ ತಾರೀಕಿನ ಸ್ಟ್ರಿಪ್ಪಿಗೆ ಅಚ್ಚು ಹಾಕಿದರೆ ಸಿಕ್ಕಿಬೀಳುವುದು ಈ ಹೋಲಿಕೆಯಲ್ಲೇ. ನಂಬರು, ತಾರೀಕು, ಕೋಡ್ ಮೂರನ್ನೂ ಒಟ್ಟಿಗೇ ನಕಲು ಮಾಡಿದರೆ ಫೋನಿಗೂ ಗೊತ್ತಾಗದು.

ಆದ್ದರಿಂದ ಔಷಧಕ್ಕಿಂತ ಅದು ಬಂದ ದಾರಿಯನ್ನು ನೋಡುವುದು ಹೆಚ್ಚು ಭದ್ರ. ಮೆಡಿಕಲ್ ಶಾಪಿಗೆ ಚಿಲ್ಲರೆ ಮಾರಾಟದ ಲೈಸೆನ್ಸ್ ಬೇಕು. ಅದನ್ನು ನಮೂನೆ 20 ಮತ್ತು 21ರಲ್ಲಿ ಕೊಡುತ್ತಾರೆ, ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಿರಬೇಕು. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟ್ ಮುಂದೆ ನಿಂತು ಕೊಡಿಸಬೇಕು. ನೀವು ಕೇಳಬೇಕಾದದ್ದು ಬಿಲ್ಲು, ಅದೂ ಬ್ಯಾಚ್ ನಂಬರ್ ಇರುವ ಬಿಲ್ಲು. ‘ಬಿಲ್ ಇಲ್ಲದಿದ್ದರೆ ಇನ್ನಷ್ಟು ಡಿಸ್ಕೌಂಟ್ ಕೊಡ್ತೀನಿ’ ಎನ್ನುವ ಅಂಗಡಿಯವರು ಕೈಬಿಡುತ್ತಿರುವುದು ತೆರಿಗೆಯನ್ನಷ್ಟೇ ಅಲ್ಲ.

ಇದರ ಹಿಂದೆ ಕಾನೂನಿನ ಒಂದು ಸೊಗಸಾದ ಲೆಕ್ಕವಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ಪ್ರಕಾರ, ಇನ್ಸ್‌ಪೆಕ್ಟರ್ ಕೇಳಿದರೆ ಅಂಗಡಿಯವರು ಆ ಔಷಧವನ್ನು ಯಾರಿಂದ ಕೊಂಡೆ ಎಂದು ಹೇಳಲೇಬೇಕು. ಲೈಸೆನ್ಸ್ ಇರುವ ಸಗಟು ವ್ಯಾಪಾರಿಯಿಂದ ಕೊಂಡಿದ್ದು, ಸರಿಯಾಗಿ ಇಟ್ಟುಕೊಂಡಿದ್ದು, ದೋಷ ಗೊತ್ತಿರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ ಎಂದು ತೋರಿಸಿದರೆ ಅವರಿಗೆ ರಕ್ಷಣೆಯೂ ಇದೆ. ಅಂದರೆ ಪ್ರಾಮಾಣಿಕ ಅಂಗಡಿಯವರಿಗೆ ಖರೀದಿ ಬಿಲ್ಲೇ ಗುರಾಣಿ. ಸಗಟು ಪೇಟೆಯಲ್ಲಿ ಬಿಲ್ಲಿಲ್ಲದ ಸರಕನ್ನು ಅಗ್ಗಕ್ಕೆ ಎತ್ತಿದವರಿಗೆ ಆ ಗುರಾಣಿ ಇಲ್ಲ, ಅವರು ನಿಮಗೆ ಬ್ಯಾಚ್ ನಂಬರ್ ಬರೆದ ಬಿಲ್ಲು ಕೊಡಲು ಹಿಂದೇಟು ಹಾಕುತ್ತಾರೆ. ಆನ್‌ಲೈನ್ ಖರೀದಿಗೂ ಇದೇ ಅಳತೆ: ಪಾರ್ಸೆಲ್‌ನಲ್ಲಿ ಬಂದ ಬಿಲ್ಲಿನ ಮೇಲೆ ಔಷಧ ಕೊಟ್ಟ ಅಂಗಡಿಯ ಹೆಸರು, ವಿಳಾಸ, ಡ್ರಗ್ ಲೈಸೆನ್ಸ್ ನಂಬರ್, ಔಷಧದ ಬ್ಯಾಚ್ ನಂಬರ್ ಇರಬೇಕು. ವಾಟ್ಸಾಪ್ ಗುಂಪಿನಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಸಿಗುವ ಔಷಧಕ್ಕೆ ಇದ್ಯಾವುದೂ ಇರುವುದಿಲ್ಲ.

ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ನಾಲ್ಕು ಕತ್ತರಿಸಿ ಕೊಟ್ಟರೆ ಬ್ಯಾಚ್ ನಂಬರಿನ ತುದಿ ಸಾಮಾನ್ಯವಾಗಿ ಅಂಗಡಿಯಲ್ಲೇ ಉಳಿಯುತ್ತದೆ. ಕತ್ತರಿ ಹಾಕುವ ಮೊದಲು ಇಡೀ ಸ್ಟ್ರಿಪ್ಪಿನ ಫೋಟೊ ತೆಗೆದುಕೊಳ್ಳಿ.

ಎಲ್ಲ ಸರಿಯಿದ್ದೂ ಸೋಲುವ ಸಂದರ್ಭವೂ ಇದೆ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯ ಮಕ್ಕಳು ಕೆಮ್ಮು ಶೀತಕ್ಕೆ ಕೋಲ್ಡ್ರಿಫ್ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು ಸತ್ತರು. ಸತ್ತ ಮಕ್ಕಳ ಸಂಖ್ಯೆ 20 ದಾಟಿತು. ಸಿರಪ್ ನಕಲಿಯಾಗಿರಲಿಲ್ಲ. ತಮಿಳುನಾಡಿನ ಕಾಂಚೀಪುರಂನ ಲೈಸೆನ್ಸ್ ಇದ್ದ ಕಂಪನಿ ಅದನ್ನು ತಯಾರಿಸಿತ್ತು. ಲೇಬಲ್, ಮುಚ್ಚಳ, ಎಕ್ಸ್‌ಪೈರಿ ನೋಡಿದ ತಾಯಿಗೆ ಒಳಗಿನ ವಿಷ ಕಾಣಲು ದಾರಿಯೇ ಇರಲಿಲ್ಲ. ತಮಿಳುನಾಡಿನ ಅಧಿಕಾರಿಗಳು ಎಸ್‌ಆರ್-13 ಎಂಬ ಬ್ಯಾಚನ್ನು ಪರೀಕ್ಷಿಸಿದಾಗ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟಿತ್ತು, ಇರಬಹುದಾದ ಮಿತಿ ಶೇ. 0.1. ಆ ವಿಷವೂ ಸಿಹಿ, ನೋಡಲು ನೀರಿನಂತೆ, ಸಿರಪ್ಪಿನಲ್ಲಿ ಬಳಸುವ ಒಳ್ಳೆಯ ದ್ರಾವಕಗಳ ಹಾಗೆಯೇ. ನಾಲಿಗೆಗೂ ಸಿಕ್ಕಿಬೀಳದು. ಆಮೇಲೆ ಊರೂರಿನ ಅಂಗಡಿಗಳಿಂದ ಬಾಟಲಿಗಳನ್ನು ಹಿಂದಕ್ಕೆ ಪಡೆಯುವಾಗ, ಮನೆಯಲ್ಲಿ ಅರ್ಧ ಉಳಿದ ಬಾಟಲಿ ಅದೇ ಹೌದೋ ಅಲ್ಲವೋ ಎಂದು ನೋಡುವಾಗ, ಮೊದಲು ಹುಡುಕಬೇಕಿದ್ದುದು ಲೇಬಲ್ಲಿನ ಆ ಒಂದು ನಂಬರು.

ಔಷಧ ಕೈಯಲ್ಲಿದ್ದಾಗ ಕಾಣುವ ಕೆಲವು ಗುರುತುಗಳಿವೆ. ಪೊಟ್ಟಣದ ಗುಳಿಯಲ್ಲಿ ಪುಡಿ ಉದುರಿರುವುದು, ಮಾತ್ರೆ ಮೆತ್ತಗಾಗಿ ಒಂದಕ್ಕೊಂದು ಅಂಟಿರುವುದು, ಬಣ್ಣದ ಕಲೆ, ಸಿರಪ್ಪಿನ ತಳದಲ್ಲಿ ಅಲ್ಲಾಡಿಸಿದರೂ ಬೆರೆಯದ ಗಷ್ಟು. ಆಸ್ಪಿರಿನ್ ಡಬ್ಬಿ ತೆರೆದಾಗ ವಿನಿಗರ್ ವಾಸನೆ ಗಪ್ಪೆಂದು ಬಂದರೆ ತೇವ ತಗುಲಿ ಮಾತ್ರೆ ಒಡೆಯುತ್ತಿದೆ ಎಂದು ಅರ್ಥ. ಅದು ನಕಲಿಯಲ್ಲ, ಕೆಟ್ಟದ್ದು. ಮಾಮೂಲು ಮಾತ್ರೆಯ ಆಕಾರವೋ ಬಣ್ಣವೋ ಈ ಸಲ ಬೇರೆಯಾಗಿದ್ದರೆ ನುಂಗುವ ಮೊದಲು ಫಾರ್ಮಾಸಿಸ್ಟರನ್ನು ಕೇಳಿ. ಜ್ವರ ಇಳಿಯಲಿಲ್ಲ, ಬಿಪಿ ತಗ್ಗಲಿಲ್ಲ ಎಂಬುದೊಂದರಿಂದಲೇ ಔಷಧ ನಕಲಿ ಎಂದು ತೀರ್ಮಾನಿಸಲಾಗದು. ಹಾಗೆಂದುಕೊಂಡು ಬಿಪಿ, ಮೂರ್ಛೆರೋಗ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿಢೀರನೆ ನಿಲ್ಲಿಸುವುದು ನಕಲಿಗಿಂತ ದೊಡ್ಡ ಅಪಾಯವಾಗಬಹುದು. ವೈದ್ಯರಿಗೆ ಹೇಳಿ ಬೇರೆ ಬ್ಯಾಚಿನದನ್ನು ತೆಗೆದುಕೊಳ್ಳಿ.

ಅನುಮಾನದ ಔಷಧವನ್ನು ಕಸಕ್ಕೆ ಎಸೆಯಬೇಡಿ, ಅಂಗಡಿಗೆ ವಾಪಸ್ ಕೊಟ್ಟು ದುಡ್ಡು ಈಸಿಕೊಂಡು ಮುಗಿಸಲೂಬೇಡಿ. ಕೊಟ್ಟರೆ ಸಾಕ್ಷಿಯೇ ಅಂಗಡಿಗೆ ಹೋಯಿತು. ಉಳಿದ ಮಾತ್ರೆ, ಡಬ್ಬ, ಬಿಲ್ಲು ಮೂರನ್ನೂ ಒಂದು ಲಕೋಟೆಯಲ್ಲಿ ಹಾಕಿ, ಬಿಸಿಲು ತಾಗದ ಕಡೆ ಇಟ್ಟು, ಜಿಲ್ಲೆಯ ಡ್ರಗ್ ಇನ್ಸ್‌ಪೆಕ್ಟರ್ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ನುಂಗಿದ ಮೇಲೆ ತೊಂದರೆಯಾಗಿದ್ದರೆ ಔಷಧದ ಅಡ್ಡಪರಿಣಾಮ ದಾಖಲಿಸುವ ಕೇಂದ್ರದ ಉಚಿತ ಸಹಾಯವಾಣಿ 1800-180-3024ಕ್ಕೆ ಹೇಳಬಹುದು. ಅವರೂ ಕೇಳುವ ವಿವರಗಳಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಇದಲ್ಲದೆ ಕಾಯ್ದೆಯ 26ನೇ ಸೆಕ್ಷನ್ನಿನಂತೆ, ತಾನು ಕೊಂಡ ಔಷಧವನ್ನು ಯಾರು ಬೇಕಾದರೂ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಇರುವ ವರದಿ ಪಡೆಯಬಹುದು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಗಳಲ್ಲಿ ಸರ್ಕಾರಿ ಔಷಧ ಪರೀಕ್ಷಾ ಪ್ರಯೋಗಾಲಯಗಳಿವೆ. ಒಂದೆರಡು ಮಾತ್ರೆಯಿಂದ ಎಲ್ಲ ಪರೀಕ್ಷೆ ನಡೆಯುವುದಿಲ್ಲ, ಕರಗುವಿಕೆಯ ಪರೀಕ್ಷೆಯೊಂದಕ್ಕೇ ಆರು ಮಾತ್ರೆ ಬೇಕು. ಆದ್ದರಿಂದ ಒಡೆಯದ ಸ್ಟ್ರಿಪ್ಪುಗಳಿದ್ದರೆ ಅವನ್ನು ಹಾಗೆಯೇ ಇಟ್ಟುಕೊಳ್ಳಿ, ಎಷ್ಟು ಬೇಕೆಂದು ಇನ್ಸ್‌ಪೆಕ್ಟರ್ ಕಚೇರಿಯಲ್ಲಿ ಕೇಳಿಕೊಂಡೇ ಕಳಿಸಿ.