ನಿಂತರೆ ಐದು, ನಡೆದರೆ ಎರಡು

ಅಕ್ಕನ ಮಗಳು ಜನವರಿಯಲ್ಲಿ ಕೆನಡಾದ ವಿನ್ನಿಪೆಗ್‌ಗೆ ಓದಲು ಹೊರಟಿದ್ದಾಳೆ. ಹೊರಡುವ ಮೂರು ವಾರ ಮೊದಲು ತೀರ್ಥಹಳ್ಳಿಯ ಮನೆಗೆ ಹೋದಾಗ, ಕೊಂಡು ತಂದದ್ದನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತಿದ್ದಳು. ಮೊಣಕಾಲು ಮುಟ್ಟುವ ದಪ್ಪ ಜಾಕೆಟ್ ಒಂದು, ಹತ್ತಿಯ ಥರ್ಮಲ್ ಆರು ಜೊತೆ, ಪಾದಕ್ಕೆ ಅಚ್ಚು ಹೊಯ್ದಂತೆ ಕೂರುವ ಚರ್ಮದ ಬೂಟು.

“ಚಿಕ್ಕಮ್ಮಾ, ಈ ಜಾಕೆಟ್ ಮೈನಸ್ ಮೂವತ್ತಕ್ಕೂ ಸಾಕಂತೆ. ಅಂಗಡಿಯವರೇ ಹೇಳಿದ್ರು.”

“ನಿಂತಿದ್ದಾಗಲೋ, ನಡೆಯುವಾಗಲೋ?” ಎಂದೆ. ಅದನ್ನು ಅಂಗಡಿಯವರೂ ಹೇಳಿರಲಿಲ್ಲ, ಜಾಕೆಟ್ಟಿನ ಚೀಟಿಯಲ್ಲೂ ಬರೆದಿರಲಿಲ್ಲ.

ಈ ಪ್ರಶ್ನೆಗೆ ಲೆಕ್ಕದ ರೂಪ ಬಂದದ್ದು 1941ರಲ್ಲಿ. ಗ್ಯಾಗ್, ಬರ್ಟನ್, ಬ್ಯಾಜೆಟ್ ಎಂಬ ಮೂವರು ವಿಜ್ಞಾನಿಗಳು ಬಟ್ಟೆಯ ಬೆಚ್ಚನೆಯನ್ನು ಅಳೆಯಲು ‘ಕ್ಲೋ’ ಎಂಬ ಮಾನವನ್ನು ಮುಂದಿಟ್ಟರು. 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕೂತವನನ್ನು ಹಿತವಾಗಿಡುವ ಬಟ್ಟೆ ಒಂದು ಕ್ಲೋ. ಸುಮಾರಾಗಿ ಒಂದು ಸೂಟಿನಷ್ಟು ಎಂದುಕೊಳ್ಳಬಹುದು. ಸುಮ್ಮನೆ ಕೂತ ದೇಹ ಹೊರಹಾಕುವ ಶಾಖವೆಷ್ಟು, ನಡೆಯುವ ದೇಹ ಹೊರಹಾಕುವುದೆಷ್ಟು ಎಂಬುದು ಆಗಲೇ ತಿಳಿದಿತ್ತು. ಎರಡನ್ನೂ ಕೂಡಿಸಿ ನೋಡಿದರೆ ಬಟ್ಟೆಯ ವಿಷಯವೇ ಬೇರೆಯಾಗಿ ಕಾಣುತ್ತದೆ.

ಮೈನಸ್ 20 ಡಿಗ್ರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತವಳಿಗೆ ಸುಮಾರು ಐದು ಕ್ಲೋ ಬೇಕು. ಅದೇ ಚಳಿಯಲ್ಲಿ ಬಿರಬಿರನೆ ನಡೆಯುವವಳಿಗೆ ಎರಡರ ಆಸುಪಾಸು ಸಾಕು. ವಿನ್ನಿಪೆಗ್‌ನಲ್ಲಿ ಜನವರಿಯ ಸರಾಸರಿಯೇ ಮೈನಸ್ 16ರ ಹತ್ತಿರ, ಆದ್ದರಿಂದ ಇದು ಅಲ್ಲಿನ ದಿನನಿತ್ಯದ ಲೆಕ್ಕ. ಅವಳು ಮನೆಯಿಂದ ನಿಲ್ದಾಣಕ್ಕೆ ಹತ್ತು ನಿಮಿಷ ನಡೆಯಬೇಕು, ಅಲ್ಲಿ ಹದಿನೈದು ನಿಮಿಷ ನಿಲ್ಲಬೇಕು, ಆಮೇಲೆ 22 ಡಿಗ್ರಿಯ ತರಗತಿಯಲ್ಲಿ ಕೂರಬೇಕು. ಒಂದೇ ದಪ್ಪ ಜಾಕೆಟ್ ಇದ್ದರೆ ನಡೆಯುವಾಗ ಬೆವರುತ್ತಾಳೆ, ನಿಂತಾಗ ಆ ಬೆವರೇ ತಣ್ಣಗಾಗಿ ಬೆನ್ನು ಕೊರೆಯುತ್ತದೆ. ಬಟ್ಟೆಯನ್ನು ಪದರಗಳಾಗಿ ಒಡೆದದ್ದು ಈ ತೊಡಕನ್ನು ಬಿಡಿಸಲೆಂದೇ. ಹೆಚ್ಚು ತೊಡುವುದಷ್ಟೇ ಅಲ್ಲ, ಬೇಕಾದಾಗ ಒಂದನ್ನು ತೆಗೆಯಲು ಬರಬೇಕು.

ಚಳಿನಾಡಿನ ಮೂಲನಿವಾಸಿಗಳಿಗೆ ಇದು ಮೊದಲೇ ಗೊತ್ತಿತ್ತು. ಇನ್ಯೂಟರು ಕ್ಯಾರಿಬೂ ತೊಗಲಿನ ಎರಡು ಅಂಗಿ ತೊಡುತ್ತಿದ್ದರು. ಒಳಗಿನದರ ತುಪ್ಪಳ ಮೈಕಡೆಗೆ, ಹೊರಗಿನದರ ತುಪ್ಪಳ ಗಾಳಿಯ ಕಡೆಗೆ. ಹೊರಗಿನದನ್ನು ಬೇಕಾದಾಗ ಕಳಚಿಡುತ್ತಿದ್ದರು. ಅಮೆರಿಕದ ಸೈನ್ಯ ಇದೇ ತತ್ವಕ್ಕೆ ಬಂದದ್ದು ಎರಡನೆಯ ಮಹಾಯುದ್ಧದ ಹೊತ್ತಿಗೆ. ಭಾರದ ಓವರ್‌ಕೋಟಿನ ಬದಲು ಗಾಳಿ ತಡೆಯುವ ಹಗುರ ಹೊರ ಅಂಗಿಯೊಂದು, ಅದರೊಳಗೆ ಬೇಕಾದಷ್ಟು ಉಣ್ಣೆ. 1943ರಲ್ಲಿ ಬಂದ ಎಂ-1943 ಎಂಬ ಜಾಕೆಟ್ ಈ ಎಣಿಕೆಯ ಮೇಲೆ ಹೊಲಿದದ್ದು. ಇಂದು ಅಂಗಡಿಯಲ್ಲಿ ಮೂರು ಪದರ ಎಂದು ಮಾರುವುದು ಅದರದೇ ವಂಶ. ಉಣ್ಣೆ ಇದ್ದ ಜಾಗಕ್ಕೆ ಫ್ಲೀಸ್ ಬಂದಿದೆ, ಅಷ್ಟೇ.

ಮೂರು ಪದರಗಳಲ್ಲಿ ನಾವು ಹೆಚ್ಚಾಗಿ ಎಡವುವುದು ಮೈಗಂಟಿದ ಮೊದಲನೆಯದರಲ್ಲಿ. ನಿಜಕ್ಕೂ ಬೆಚ್ಚಗಿಡುವುದು ನೂಲಲ್ಲ, ನೂಲಿನ ನಡುವೆ ಅಲುಗದೆ ನಿಂತ ಗಾಳಿ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಶಾಖ ಸಾಗಿಸುತ್ತದೆ. ಹತ್ತಿ ಬೆವರು ಕುಡಿದು ಮೈಗೆ ಅಂಟಿದರೆ ಆ ಗಾಳಿಯ ಜಾಗವನ್ನು ನೀರು ಹಿಡಿದುಕೊಳ್ಳುತ್ತದೆ. ಉಣ್ಣೆ ಹಾಗಲ್ಲ. ಅದರ ಎಳೆ ತೇವವನ್ನು ತನ್ನೊಳಗೆ ಎಳೆದುಕೊಂಡರೂ ಗುಂಗುರು ಬಿಡುವುದಿಲ್ಲ, ನಡುವಿನ ಗಾಳಿ ಉಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಯಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ, ನೆನೆದ ಕಂಬಳಿ ಭಾರವಾಗುತ್ತದೆಯೇ ಹೊರತು ಹತ್ತಿಯಂತೆ ಕೊರೆಯುವುದಿಲ್ಲ. ಕಂಬಳಿಯ ಒರಟು ಉಣ್ಣೆ ಮೈಗೆ ಚುಚ್ಚುತ್ತದೆ, ಒಳಪದರಕ್ಕೆ ಮೆರಿನೊ ಕುರಿಯ ನಯವಾದ ಉಣ್ಣೆ ಬೇಕು. ಅದು ದುಬಾರಿ ಎನಿಸಿದರೆ ತೆಳು ಪಾಲಿಯೆಸ್ಟರ್. ಬೆವರು ಕುಡಿಯದೆ ಹೊರಕ್ಕೆ ದಾಟಿಸುತ್ತದೆ, ವಾಸನೆ ಮಾತ್ರ ಬೇಗ ಹಿಡಿಯುತ್ತದೆ. ಎರಡು ಮೂರು ಜೊತೆ ಸಾಕು.

ನಡುವಿನ ಪದರಕ್ಕೆ ಫ್ಲೀಸ್ ಅಥವಾ ಮನೆಯಲ್ಲಿರುವ ಉಣ್ಣೆಯ ಸ್ವೆಟರ್. ಅದರ ಮೇಲೆ ಈ ಜಾಕೆಟ್. ಒಳಗಿನ ಎರಡೂ ಪದರ ಒತ್ತಿಹೋಗದಷ್ಟು ಜಾಕೆಟ್ ಸಡಿಲವಾಗಿರಬೇಕು, ಒತ್ತಿಹೋದ ಫ್ಲೀಸಿನಲ್ಲಿ ಗಾಳಿ ಇರುವುದಿಲ್ಲ. ಸರಿಯಾಗಿದೆಯೇ ಎಂದು ನೋಡುವ ಬಗೆಯನ್ನೂ ಅವಳಿಗೆ ಹೇಳಿದೆ. ತರಗತಿ ತಲುಪಿದ ಕೂಡಲೇ ಕೈಯನ್ನು ಹಿಂದಕ್ಕೆ ಒಯ್ದು ಬೆನ್ನಿನ ಬಟ್ಟೆ ಮುಟ್ಟಬೇಕು. ತೇವವಾಗಿದ್ದರೆ ನಾಳೆ ಸ್ವೆಟರ್ ಚೀಲದಲ್ಲಿ ಬರಲಿ, ನಿಲ್ದಾಣದಲ್ಲಿ ನಿಂತ ಮೇಲೆ ತೊಟ್ಟರಾಯಿತು. ಮನೆಯಿಂದ ಹೊರಟ ಮೊದಲ ಎರಡು ನಿಮಿಷ ಸ್ವಲ್ಪ ಚಳಿಯಾದರೆ ಲೆಕ್ಕ ಸರಿಯಿದೆ ಎಂದೇ ಅರ್ಥ.

ಬೂಟಿನ ಮಾತು ಬಂದಾಗ ಅವಳಿಗೆ ಬೇಸರವಾಯಿತು, ದುಡ್ಡು ಹೆಚ್ಚು ಹೋಗಿದ್ದೇ ಅದಕ್ಕೆ. ಆದರೆ ನನಗೆ ಹೆಚ್ಚು ಚಿಂತೆಯಿದ್ದದ್ದೂ ಅದರ ಬಗ್ಗೆಯೇ. ಪದರದ ಪಾಠವನ್ನು ಮೈಯಲ್ಲಿ ಕಲಿತ ಅಮೆರಿಕದ ಸೈನ್ಯವೇ ಕಾಲಿನಲ್ಲಿ ಸೋತಿತ್ತು. 1943ರ ಮೇ ತಿಂಗಳಲ್ಲಿ ಅಲಾಸ್ಕಾದ ಅಟ್ಟು ದ್ವೀಪದ ಕಾಳಗದಲ್ಲಿ ಚಳಿ ವಿಪರೀತವೇನೂ ಇರಲಿಲ್ಲ, ಆದರೆ ನೆಲವೆಲ್ಲ ಕೆಸರು. ನೆನೆದ ಚರ್ಮದ ಬೂಟಿನಲ್ಲಿ ಪಾದ ಕೊಳೆತು, ಚಳಿಯಿಂದ ಪೆಟ್ಟಾದವರ ಸಂಖ್ಯೆ ಸುಮಾರು 1,200 ಆಯಿತು. ಗುಂಡೇಟಿನಿಂದ ಗಾಯಗೊಂಡವರೂ ಹೆಚ್ಚುಕಡಿಮೆ ಅಷ್ಟೇ. 1950ರ ಕೊನೆಗೆ ಕೊರಿಯಾದ ಚೋಸಿನ್ ಕಾಳಗದಲ್ಲಿ ಅಡಿಭಾಗ ರಬ್ಬರಿನದಿದ್ದ ಬೂಟುಗಳಿದ್ದವು. ಹೊರಗಿನ ನೀರು ಬರಲಿಲ್ಲ, ನಡೆದವರ ಬೆವರೂ ಹೊರಗೆ ಹೋಗಲಿಲ್ಲ. ನಿಂತ ಕೂಡಲೇ ಒಳಗೇ ಹೆಪ್ಪುಗಟ್ಟಿತು.

ಆ ಕಾಲದಿಂದ ಇಂದಿಗೂ ಉಳಿದ ಜಾಣತನವೆಂದರೆ ಬೂಟಿನೊಳಗಿನ ಫೆಲ್ಟ್ ಒಳಚೀಲ ಮತ್ತು ಅಟ್ಟೆ ಹೊರಗೆ ತೆಗೆಯಲು ಬರಬೇಕು ಎಂಬುದು. ದಿನವೂ ರಾತ್ರಿ ತೆಗೆದು ಒಣಗಿಸಬೇಕು. ಕೊಳ್ಳುವಾಗ ಆ ಅಟ್ಟೆಯನ್ನು ನೆಲಕ್ಕಿಟ್ಟು, ಚಳಿಗಾಲದ ಉಣ್ಣೆಯ ಕಾಲುಚೀಲ ಹಾಕಿ, ಅದರ ಮೇಲೆ ನಿಲ್ಲಬೇಕು. ಬೆರಳುಗಳ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು. ಬಿಗಿ ಬೂಟಿನಲ್ಲಿ ಎರಡು ಕಾಲುಚೀಲ ತುರುಕಿದರೆ ಗಾಳಿಯೂ ಹೋಗುತ್ತದೆ, ಬೆರಳಿಗೆ ರಕ್ತ ಹರಿಯುವುದೂ ತಗ್ಗುತ್ತದೆ. ಒಂದು ಕಾಲುಚೀಲಕ್ಕಿಂತ ಎರಡರಲ್ಲಿ ಕಾಲು ಹೆಚ್ಚು ತಣ್ಣಗಾಗುವುದು ಹೀಗೆ. ನಿಲ್ದಾಣದ ನೆಲವೇ ಮಂಜುಗಡ್ಡೆಯಾದ್ದರಿಂದ ಅಟ್ಟೆಯಡಿಯ ದಪ್ಪವೂ ಮುಖ್ಯ, ಅಲ್ಲಿಂದಲೇ ಶಾಖ ಜಾರುತ್ತದೆ.

ಜಾರುವುದು ಶಾಖವೊಂದೇ ಅಲ್ಲ. ಟೊರೊಂಟೊದ ಸಂಶೋಧಕರು ಮಂಜುಗಡ್ಡೆಯ ಇಳಿಜಾರಿನ ಮೇಲೆ ಜನರನ್ನು ನಡೆಸಿ ಬೂಟುಗಳನ್ನು ಪರೀಕ್ಷಿಸುತ್ತಾರೆ. 2016ರಲ್ಲಿ ಪ್ರಕಟಿಸಿದ ಮೊದಲ ಫಲಿತಾಂಶದಲ್ಲಿ 98 ಬಗೆಯ ಬೂಟುಗಳ ಪೈಕಿ ಕನಿಷ್ಠ ಮಟ್ಟ ಮುಟ್ಟಿದ್ದು 9 ಮಾತ್ರ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿ ಇದನ್ನು ತಿಳಿಯಲಾಗದು. ಹಾಗಾಗಿ ಬೂಟನ್ನು ಇಲ್ಲಿಂದ ಕೊಂಡೊಯ್ಯುವುದು ಬೇಡ, ಅಲ್ಲಿಯೇ ಆ ಫಲಿತಾಂಶದ ಪಟ್ಟಿ ನೋಡಿ ಹಾಕಿ ನಡೆದು ಕೊಳ್ಳುವುದು ಸರಿ ಎಂಬುದು ನನ್ನ ಮಾತು.

“ಹಾಗಾದ್ರೆ ಇಳಿದ ದಿನ ಕಾಲಿಗೆ?”

ವಿಮಾನ ನಿಲ್ದಾಣಕ್ಕೆ ಸೀನಿಯರ್ ಒಬ್ಬರು ಕಾರು ತರುತ್ತಾರೆ. ಸಡಿಲವಾದ ಸ್ಪೋರ್ಟ್ಸ್ ಶೂ, ಒಂದು ಉಣ್ಣೆಯ ಕಾಲುಚೀಲ, ಅಷ್ಟರಲ್ಲಿ ಆ ಒಂದು ದಿನ ಕಳೆಯುತ್ತದೆ. ಮರುದಿನದ ಮೊದಲ ಕೆಲಸ ಬೂಟು.

ಚರ್ಮದ ಬೂಟು ಅಂಗಡಿಗೆ ವಾಪಸಾಯಿತು. ಅದರ ಹಣದಲ್ಲಿ ಎರಡು ಜೊತೆ ಮೆರಿನೊ ಬಂತು. ಜಾಕೆಟ್ ಉಳಿಯಿತು, ಕೆಟ್ಟದ್ದೇನಲ್ಲ ಅದು. ಹತ್ತಿಯ ಥರ್ಮಲ್‌ಗಳಲ್ಲಿ ಎರಡು ಜೊತೆಯನ್ನು ರಾತ್ರಿ ಮಲಗುವಾಗ ತೊಡಲೆಂದು ಪೆಟ್ಟಿಗೆಯ ಮೂಲೆಗೆ ಸೇರಿಸಿದಳು, ಉಳಿದ ನಾಲ್ಕನ್ನು ಅಜ್ಜನಿಗೆ ಕೊಟ್ಟಳು.